ಸ್ಲೈಡಿನಿಂದ ಕೆಳಗೆ ಬಿದ್ದ ‘ಇಲ್ಲ’

ಬರೆಯದೆ ತುಂಬಾ ದಿನ ಆಯ್ತು. ಆಫೀಸಿನ ಕೆಲಸ, ಮನೆ ಬದಲಾವಣೆ, ಸೋಮಾರಿತನ... ನೆಪಗಳಿಗೇನು ಬರ. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಸಣ್ಣ ಅವಮಾನ :-)

ನಮ್ಮ ಬಡಾವಣೆಯ ಸಂಘದಲ್ಲಿ ತಿಂಗಳಿಗೊಂದು ಸಭೆ. ಪೈಪ್ ಬದಲಿಸುವ ಕೆಲಸ ಶುರುವಾಗುವುದಿತ್ತು, ಯಾವ ಬೀದಿಗೆ ಯಾವತ್ತು ನೀರು ಬರುತ್ತೆ, ಯಾವತ್ತು ಬರಲ್ಲ ಅಂತ ಎಲ್ಲರಿಗೂ ಹೇಳಬೇಕಿತ್ತು. ‘ನೀನು ಕಂಪ್ಯೂಟರ್ ಹುಡುಗ, ಒಂದು ಪ್ರೆಸೆಂಟೇಶನ್ ಮಾಡ್ಬಿಡಪ್ಪಾ’ ಅಂತ ನನಗೆ ವಹಿಸಿದರು. ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಫ್ಯಾನ್ ರಿಪೇರಿಯಿಂದ ಹಿಡಿದು ಎಲ್ಲಾ ಬರುತ್ತೆ ಅಂತ ನಮ್ಮೂರಲ್ಲಿ ನಂಬಿಕೆ. ನಾನೂ ಹುಮ್ಮಸ್ಸಿನಿಂದ ಪೂರ್ತಿ ಕನ್ನಡದಲ್ಲೇ ಮಾಡಿದೆ. ಒಂದೇ ಸ್ಲೈಡು, ಮೂರು ಅಂಕಣ, ಅಂಕಣಕ್ಕೊಂದು ಬೀದಿ. ಮೇಲೆ ಅಕ್ಷರ, ಕೆಳಗೆ ಆ ಬೀದಿಯ ನಕ್ಷೆಯ ಚಿತ್ರ. ಮನೆಯಲ್ಲಿ ನೋಡಿದಾಗ ಚಿತ್ತಾರದ ಹಾಗಿತ್ತು.

ಸಭೆಯ ದಿನ ಹಾಲ್‌ನಲ್ಲಿದ್ದ ಲ್ಯಾಪ್‌ಟಾಪಿಗೆ ಫೈಲ್ ಹಾಕಿ ತೋರಿಸಿದೆ. ನಡುವಿನ ಅಂಕಣದಲ್ಲಿ ಇರಬೇಕಾಗಿದ್ದ ವಾಕ್ಯ ಇದು:

ಮಂಗಳವಾರದಿಂದ ಗುರುವಾರದವರೆಗೆ ಮೇಲ್ತೊಟ್ಟಿಯಿಂದ ನೀರು ಸರಬರಾಜು ಮಾಡಲಾಗುವುದಿಲ್ಲ.

ಪರದೆಯ ಮೇಲೆ ಜನ ಓದಿದ್ದು ಇದು:

ಮಂಗಳವಾರದಿಂದ ಗುರುವಾರದವರೆಗೆ ಮೇಲ್ತೊಟ್ಟಿಯಿಂದ ನೀರು ಸರಬರಾಜು

ಕೊನೆಯ ಪದ ಐದನೇ ಸಾಲಿಗೆ ಇಳಿದು ನಕ್ಷೆಯ ಚಿತ್ರದ ಹಿಂದೆ ಹೋಗಿ ಕೂತಿತ್ತು. ‘ಇಲ್ಲ’ ಅನ್ನೋದು ಇಲ್ಲವಾಗಿತ್ತು! ಎರಡನೇ ಅಡ್ಡರಸ್ತೆಯವರು ಮೂರು ದಿನ ಮೇಲ್ತೊಟ್ಟಿಯಿಂದಲೇ ನೀರು ಬರುತ್ತೆ ಅಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋದರು. ಮಂಗಳವಾರ ಬೆಳಿಗ್ಗೆ ನಮ್ಮನೆ ಗೇಟಿನ ಹತ್ತಿರ ಏನೇನಾಯ್ತು ಅಂತ ನಾನು ಇಲ್ಲಿ ಬರೆಯೋದಿಲ್ಲ.

ಇಂಗ್ಲಿಷಿನಲ್ಲಿ ಆಗಿದ್ದರೆ ಕೊನೆಯ ಸಾಲು ಹೋದರೂ ಅರ್ಥ ತಲೆಕೆಳಗಾಗುವ ಸಂಭವ ಕಡಿಮೆ. ಅಲ್ಲಿ ನಿಷೇಧ ಸಾಮಾನ್ಯವಾಗಿ ಕ್ರಿಯಾಪದದ ಮುಂಚೆಯೇ, ವಾಕ್ಯದ ನಡುವೆಯೇ ಬಂದುಬಿಟ್ಟಿರುತ್ತೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ನಿಷೇಧ ಆ ಕ್ರಿಯಾಪದದ ಬಾಲದಲ್ಲಿ. ಅಂದರೆ ವಾಕ್ಯದಲ್ಲಿ ಅತಿ ಮುಖ್ಯವಾದದ್ದು ಅತಿ ಕೊನೆಯಲ್ಲಿ. ಡಬ್ಬದಿಂದ ಮೊದಲು ಚೆಲ್ಲುವುದೂ ಅದೇ. ಹಾಗಾಗಿ ಕನ್ನಡದಲ್ಲಿ ಸಾಲು ಎಲ್ಲಿ ಮುರಿಯುತ್ತೆ ಅನ್ನೋದು ಬರೀ ಅಂದ ಚೆಂದದ ಮಾತಲ್ಲ.

ಮನೆಗೆ ಬಂದು ಯಾಕೆ ಹೀಗಾಯ್ತು ಅಂತ ಲೆಕ್ಕ ಹಾಕಿದೆ. ಅಗಲದ ಸ್ಲೈಡು 33.87 ಸೆಂ.ಮೀ. ಎರಡೂ ಬದಿಗೆ ಒಂದೂವರೆ, ಅಂಕಣಗಳ ನಡುವೆ ಒಂದೊಂದು ಸೆಂಟಿಮೀಟರ್ ಬಿಟ್ಟರೆ ಒಂದು ಡಬ್ಬಕ್ಕೆ ಸುಮಾರು 9.6 ಸೆಂ.ಮೀ. ಸಿಗುತ್ತೆ. ಡಬ್ಬದ ಒಳಗೆ ಎಡಕ್ಕೆ ಬಲಕ್ಕೆ ಕಾಲು ಕಾಲು ಸೆಂಟಿಮೀಟರ್ ಅಂಚು ಇದ್ದೇ ಇರುತ್ತೆ. ಉಳಿದದ್ದು 9.1. ಹಿಂದಿನ ಸಾಲಿನವರಿಗೂ ಕಾಣಲಿ ಅಂತ 28 ಪಾಯಿಂಟ್ ಇಟ್ಟಿದ್ದೆ. ನನ್ನ ಫಾಂಟಿನಲ್ಲಿ ಒಂದು ಅಕ್ಷರಕ್ಕೆ ಸರಾಸರಿ 0.7 ಸೆಂಟಿಮೀಟರ್ ಬೇಕು, ಹಾಗಾಗಿ ಸಾಲಿಗೆ 13 ಅಕ್ಷರ. (ಇಲ್ಲಿ ಅಕ್ಷರ ಅಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರ, ‘ಲ್ತೊ’ ಒಂದು, ‘ಟ್ಟಿ’ ಒಂದು. ಲೆಕ್ಕ ಸುಲಭವಾಗಲಿ ಅಂತ ಪದಗಳ ನಡುವಿನ ಖಾಲಿ ಜಾಗವನ್ನೂ ಒಂದು ಅಕ್ಷರ ಅಂತ ಹಿಡಿಯೋಣ.)

ಈಗ ವಾಕ್ಯದ ಪದಗಳ ಉದ್ದ ನೋಡಿ. ಮಂಗಳವಾರದಿಂದ 7, ಗುರುವಾರದವರೆಗೆ 8, ಮೇಲ್ತೊಟ್ಟಿಯಿಂದ 5, ನೀರು 2, ಸರಬರಾಜು 5, ಮಾಡಲಾಗುವುದಿಲ್ಲ 7. ಸಾಲಿಗೆ 13 ಇದ್ದಾಗ ಮೊದಲ ಸಾಲಿಗೆ ‘ಮಂಗಳವಾರದಿಂದ’ ಒಂದೇ, ಯಾಕೆಂದರೆ ಮುಂದಿನದೂ ಸೇರಿದರೆ 16 ಆಗುತ್ತೆ. ಎರಡನೇ ಸಾಲಿಗೆ ‘ಗುರುವಾರದವರೆಗೆ’ ಒಂದೇ, ಮುಂದಿನದು ಸೇರಿದರೆ 14. ಮೂರನೇ ಸಾಲು ‘ಮೇಲ್ತೊಟ್ಟಿಯಿಂದ ನೀರು’, 8 ಅಕ್ಷರ. ನಾಲ್ಕನೇ ಸಾಲಿನಲ್ಲಿ ‘ಸರಬರಾಜು ಮಾಡಲಾಗುವುದಿಲ್ಲ’, ಸರಿಯಾಗಿ 13. ನಾಲ್ಕು ಸಾಲು, ಡಬ್ಬದಲ್ಲಿ ಕೂತಿತು, ಚಿತ್ರದ ಹಾಗಿತ್ತು.

ಹಾಲ್‌ನ ಲ್ಯಾಪ್‌ಟಾಪಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಅದರ ಬದಲು ಬಂದ ಫಾಂಟು ಕೂದಲೆಳೆಯಷ್ಟು ಅಗಲ. ಸಾಲಿಗೆ 13ರ ಬದಲು 12 ಅಕ್ಷರ ಆಯ್ತು. ಒಂದೇ ಒಂದು ಅಕ್ಷರದ ಜಾಗ ಕಡಿಮೆಯಾಗಿದ್ದಕ್ಕೆ ಏಳು ಅಕ್ಷರದ ಪೂರ್ತಿ ಕ್ರಿಯಾಪದ ಕೆಳಗೆ ಬಿತ್ತು. ಮೇಲಿನ ನಾಲ್ಕೂ ಸಾಲಿನಲ್ಲಿ ಖಾಲಿ ಜಾಗ ಎಷ್ಟಿತ್ತು ಎಣಿಸಿ: 5, 4, 4, 7. ಒಟ್ಟು ಇಪ್ಪತ್ತು ಅಕ್ಷರದಷ್ಟು ಜಾಗ ಖಾಲಿ ಬಿಟ್ಟುಕೊಂಡು, ಏಳಕ್ಷರದ ಪದಕ್ಕೆ ಜಾಗ ಇಲ್ಲ ಅಂತು ತಂತ್ರಾಂಶ. ಬಸ್ಸಲ್ಲಿ ಸೀಟಿನ ಮೇಲೆಲ್ಲಾ ಟವಲ್ ಹಾಸಿ ‘ಸೀಟಿಲ್ಲ’ ಅಂದ ಹಾಗೆ.

ತಂತ್ರಾಂಶ ಹೀಗೆ ಮಾಡೋದಕ್ಕೆ ಕಾರಣ, ಅದಕ್ಕೆ ಕನ್ನಡದಲ್ಲಿ ಸಾಲು ಮುರಿಯುವ ಜಾಗ ಅಂತ ಗೊತ್ತಿರೋದು ಪದಗಳ ನಡುವಿನ ಖಾಲಿ ಜಾಗ ಮಾತ್ರ. ಯೂನಿಕೋಡಿನ ಸಾಲು ಮುರಿಯುವ ನಿಯಮದಲ್ಲಿ ಚೀನೀ ಬರಹದ ಅಕ್ಷರಗಳು ಒಂದು ಗುಂಪು, ಅಲ್ಲಿ ಹೆಚ್ಚುಕಡಿಮೆ ಯಾವ ಅಕ್ಷರದ ನಂತರವೂ ಮುರಿಯಬಹುದು. ಥಾಯ್ ಇನ್ನೊಂದು ಗುಂಪು, ಅದಕ್ಕೆ ನಿಘಂಟು ನೋಡಿ ಮುರಿ ಅನ್ನುತ್ತೆ. ಕನ್ನಡದ ಅಕ್ಷರಗಳು ಇರೋದು ಇಂಗ್ಲಿಷ್ ಅಕ್ಷರಗಳ ಗುಂಪಿನಲ್ಲಿ. ಇಂಗ್ಲಿಷಿನಲ್ಲಿ ಪದಗಳು ಚಿಕ್ಕವು, ನಡುನಡುವೆ ಜಾಗ ಸಿಗುತ್ತಲೇ ಇರುತ್ತೆ, ಆದ್ದರಿಂದ ಬಚಾವ್. ನಮ್ಮಲ್ಲಿ ‘ಕಾರ್ಯನಿರ್ವಹಿಸಬೇಕಾಗಿರುವುದರಿಂದ’ ಅನ್ನೋದು ಒಂದೇ ಪದ, 14 ಅಕ್ಷರ. ಇಂಗ್ಲಿಷಿನವರು ಐದಾರು ಪದಗಳಲ್ಲಿ ಹೇಳೋದನ್ನ ನಾವು ಒಂದರಲ್ಲಿ ಪೋಣಿಸಿಬಿಡುತ್ತೇವೆ. ಅದು ಭಾಷೆಯ ಸೊಗಸು, ಆದರೆ ಡಬ್ಬದ ಸಂಕಟ.

ಇದಕ್ಕೆ ನಮ್ಮ ಜನ ಮಾಡಿಕೊಂಡಿರುವ ಪರಿಹಾರಗಳನ್ನ ನೋಡಿದರೆ ನನಗೆ ಇನ್ನೂ ಬೇಜಾರು. ಮೊದಲನೆಯದು ಹೈಫನ್ ಒತ್ತಿ ಎಂಟರ್ ಹೊಡೆಯೋದು. ಅವರ ಕಂಪ್ಯೂಟರಿನಲ್ಲಿ ಸರಿ ಕಾಣುತ್ತೆ. ಫಾಂಟು ಬದಲಾದ ಕೂಡಲೇ ‘ಗುರುವಾರ-’ ಅನ್ನೋದು ಸಾಲಿನ ಮಧ್ಯೆ ಬಂದು ನಿಂತು, ‘ದವರೆಗೆ’ ಮುಂದಿನ ಸಾಲಲ್ಲಿ ಒಂಟಿಯಾಗಿ ಕೂರುತ್ತೆ. ಎರಡನೆಯದು ಪದದ ನಡುವೆ ಸುಮ್ಮನೆ ಸ್ಪೇಸ್ ಒತ್ತೋದು. ‘ಮಾಡಲಾಗುವು ದಿಲ್ಲ’. ಇದು ನೋಡೀ ನೋಡೀ ಈಗ ಡಬ್ಬ ಇಲ್ಲದ ಕಡೆಯೂ ಜನ ಹೀಗೇ ಬರೆಯೋಕೆ ಶುರು ಮಾಡಿದ್ದಾರೆ ಅಂತ ನನ್ನ ಗುಮಾನಿ. ಮೂರನೆಯದು ಎರಡೂ ಬದಿ ಸಮ ಮಾಡೋದು. ಅಗಲ ಅಂಕಣದಲ್ಲಿ ಅದು ಚೆನ್ನಾಗೇ ಕಾಣುತ್ತೆ. ಸಾಲಿಗೆ ಎರಡೇ ಪದ ಇರುವ ಕಡೆ ಉಳಿದ ಜಾಗವನ್ನೆಲ್ಲಾ ಆ ಎರಡರ ನಡುವೆ ಸುರಿಯಬೇಕಾಗುತ್ತೆ. ‘ಮೇಲ್ತೊಟ್ಟಿಯಿಂದ’ ಒಂದು ದಡ, ‘ನೀರು’ ಇನ್ನೊಂದು ದಡ, ನಡುವೆ ಕಾವೇರಿ ಹರಿಯುತ್ತೆ. ಒಂದೇ ಪದ ಇರುವ ಸಾಲಿನಲ್ಲಿ ಹಿಗ್ಗಿಸೋಕೆ ಜಾಗವೇ ಇಲ್ಲ, ಅದು ಹಾಗೇ ಮೊಂಡಾಗಿ ನಿಲ್ಲುತ್ತೆ.

ನನ್ನ ಅವಮಾನದ ಕಥೆ ಕೇಳಿ ನಕ್ಕವರಲ್ಲಿ ಮೊದಲಿಗರು ನಮ್ಮ ಎದುರು ಮನೆಯ ಪ್ರೆಸ್ ತಾತ. ಮೊಳೆ ಜೋಡಿಸುವ ಕಾಲದಲ್ಲಿ ಇಲ್ಲೇ ಮೈಸೂರಿನ ಪ್ರೆಸ್ಸೊಂದರಲ್ಲಿ ಕಂಪೋಸಿಟರ್ ಆಗಿದ್ದವರು. ಅವರಿಗೆ ನನ್ನ ಸ್ಲೈಡು ಪ್ರಿಂಟ್ ತೆಗೆದು ತೋರಿಸಿದೆ.

‘ಅಲ್ಲ ಮರೀ, ಇಷ್ಟೊಂದು ಜಾಗ ಬಿಟ್ಟು ಸಾಲು ಕಟ್ಟಿದ್ರೆ ನಮ್ ಫೋರ್‌ಮನ್ ಸ್ಟಿಕ್ ಕಿತ್ಕೊಂಡು ಮನೆಗೆ ಕಳಿಸ್ತಿದ್ರು. ಗುರುವಾರ ಅಂತ ಮೇಲೆ ಕೂರ್ಸಿ, ದವರೆಗೆ ಅಂತ ಕೆಳಗೆ ತಂದಿದ್ರೆ ಆಗ್ತಿತ್ತಲ್ಲ?’

‘ಮಷೀನಿಗೆ ಅದು ಗೊತ್ತಾಗಲ್ಲ ತಾತ.’

‘ನಮಗೂ ಯಾರೂ ಹುಟ್ಟುವಾಗ ಹೇಳ್ಕೊಟ್ಟಿರ್ಲಿಲ್ಲ. ಅಕ್ಷರ ಮುರೀಬಾರ್ದು, ಒತ್ತು ಬಿಟ್ಟು ಹೋಗ್ಬಾರ್ದು, ಒಂದೇ ಅಕ್ಷರಾನ ಒಂಟಿ ಮಾಡ್ಬಾರ್ದು. ಇಷ್ಟೇ.’

ತಾತ ಹೇಳಿದ ಹಾಗೆ ನಮ್ಮ ವಾಕ್ಯವನ್ನ 12 ಅಕ್ಷರದ ಸಾಲಿನಲ್ಲೇ ಮತ್ತೆ ಕಟ್ಟಿ ನೋಡೋಣ. ಮೊದಲ ಸಾಲು ‘ಮಂಗಳವಾರದಿಂದ ಗುರುವಾರ’, ಭರ್ತಿ 12. ಎರಡನೇ ಸಾಲು ‘ದವರೆಗೆ ಮೇಲ್ತೊಟ್ಟಿಯಿಂದ’, 10. ಮೂರನೇ ಸಾಲು ‘ನೀರು ಸರಬರಾಜು ಮಾಡಲಾ’, ಮತ್ತೆ 12. ನಾಲ್ಕನೇ ಸಾಲು ‘ಗುವುದಿಲ್ಲ’. ನಾಲ್ಕೇ ಸಾಲು, ಕೊನೆಯಲ್ಲಿ ಎಂಟು ಅಕ್ಷರದ ಜಾಗ ಬಾಕಿ. ಫಾಂಟು ಇನ್ನಷ್ಟು ದಪ್ಪ ಆದರೂ ‘ಇಲ್ಲ’ ಕೆಳಗೆ ಬೀಳುತ್ತಿರಲಿಲ್ಲ.

ಆದರೆ ಮೂರನೇ ಸಾಲು ಓದೋಕೆ ಏನೋ ಕಿರಿಕಿರಿ ಅಲ್ವಾ? ‘ಗುರುವಾರ / ದವರೆಗೆ’ ಸಲೀಸಾಗಿ ಓದಿಸಿಕೊಂಡು ಹೋಗುತ್ತೆ, ‘ಮಾಡಲಾ / ಗುವುದಿಲ್ಲ’ ಎಡವುತ್ತೆ. ‘ಮಾಡಲಾ’ ಅಂತ ಪ್ರಶ್ನೆ ಕೇಳಿದ ಹಾಗಾಗುತ್ತೆ ಬೇರೆ. ಎರಡೂ ಅಕ್ಷರದ ಗಡಿಯಲ್ಲೇ ಮುರಿದದ್ದು, ಆದರೂ ಒಂದು ಸರಿ, ಒಂದು ಅಷ್ಟಕ್ಕಷ್ಟೆ. ಇದಕ್ಕೆ ಉತ್ತರ ಸಿಕ್ಕಿದ್ದು ಹೈಸ್ಕೂಲಿನ ಸಂಧಿ ಪಾಠದಲ್ಲಿ. ಅವತ್ತು ಮಾರ್ಕ್ಸಿಗೆ ಓದಿದ್ದು ಇವತ್ತು ಕೆಲಸಕ್ಕೆ ಬಂತು.

ಓದುವವನ ಕಣ್ಣು ಪದವನ್ನ ಬಿಡಿಸೋದು ಅದರ ಕೀಲುಗಳಲ್ಲಿ. ಆಗಮ ಸಂಧಿಯಾದರೆ ಕೀಲು ಅಕ್ಷರದ ಗಡಿಯಲ್ಲೇ ಇರುತ್ತೆ. ‘ಮನೆ’ಗೆ ‘ಅಲ್ಲಿ’ ಸೇರುವಾಗ ಯಕಾರ ಬಂದು ‘ಮನೆಯಲ್ಲಿ’ ಆಗುತ್ತೆ, ‘ಮನೆ / ಯಲ್ಲಿ’ ಅಂತ ಮುರಿದರೆ ಯಾರಿಗೂ ತೊಂದರೆಯಿಲ್ಲ. ಆದೇಶ ಸಂಧಿಯೂ ಹಾಗೇ. ‘ಮಳೆ / ಗಾಲ’ ಅಂತ ಬೇಕಾದರೆ ಎರಡು ಸಾಲಿಗೆ ಹಂಚಿ. ಕಷ್ಟ ಇರೋದು ಲೋಪ ಸಂಧಿಯಲ್ಲಿ. ‘ಮಾಡಲು’, ‘ಆಗುವುದು’, ‘ಇಲ್ಲ’ ಮೂರೂ ಸೇರುವಾಗ ಎರಡು ಸ್ವರ ಬಿದ್ದುಹೋಗಿ ಕೀಲುಗಳು ‘ಲಾ’ ಮತ್ತು ‘ದಿ’ ಅಕ್ಷರಗಳ ಹೊಟ್ಟೆಯೊಳಗೆ ಸೇರಿಕೊಂಡಿವೆ. ಅಕ್ಷರ ಸೀಳದೆ ಅಲ್ಲಿ ಮುರಿಯೋಕಾಗಲ್ಲ. ‘ವಿದ್ಯಾಲಯ’ದಂಥ ಸಂಸ್ಕೃತ ಸಂಧಿಯಲ್ಲೂ ಇದೇ ಕಥೆ, ‘ದ್ಯಾ’ದ ದೀರ್ಘದಲ್ಲಿ ಎರಡೂ ಪದಕ್ಕೆ ಪಾಲಿದೆ.

ಹೊಟ್ಟೆಯೊಳಗಿನ ಕೀಲಿಗೆ ತಾತನ ಉಪಾಯ ಸರಳ. ಆ ಅಕ್ಷರವನ್ನ ಕೆಳಗಿನ ಸಾಲಿಗೆ ಕೊಟ್ಟುಬಿಡು ಅಂದರು. ‘ಮಾಡ / ಲಾಗುವುದಿಲ್ಲ’. ಓದಿ ನೋಡಿ, ‘ಮಾಡಲಾ / ಗುವುದಿಲ್ಲ’ಗಿಂತ ಎಷ್ಟೋ ವಾಸಿ. ಯಾಕೆ ಅಂತ ಯೋಚಿಸಿದೆ. ಮೇಲಿನ ಸಾಲಿನ ತುಂಡು ಪೂರ್ತಿ ಪದದ ಹಾಗೆ ನಟಿಸೋದಿಲ್ಲ, ಕೆಳಗಿನ ತುಂಡಿನಲ್ಲಿ ‘ಲಾಗುವುದಿಲ್ಲ’ ಅಂತ ಬಾಲ ಇಡಿಯಾಗಿ ಸಿಗುತ್ತೆ. ನಮ್ಮ ಸ್ಲೈಡಿನಲ್ಲೂ ಮೂರನೇ ಸಾಲು 11 ಆಗುತ್ತೆ, ನಾಲ್ಕನೆಯದು 5. ಆಗಲೂ ನಾಲ್ಕೇ ಸಾಲು.

ಇದರಲ್ಲೂ ಮೋಸ ಇದೆ ಅನ್ನಿ. ‘ಮರಳುವುದು’ ಪದವನ್ನ ‘ಮರ / ಳುವುದು’ ಅಂತ ಮುರಿದರೆ ಓದುವವನು ಮೊದಲು ಮರ ಹತ್ತಿ ಆಮೇಲೆ ಇಳಿಯಬೇಕು :-) ಅದೃಷ್ಟಕ್ಕೆ ‘ಳ’ ಇಂದ ಶುರುವಾಗುವ ಪದ ಕನ್ನಡದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಕೆಳಗಿನ ಸಾಲು ನೋಡಿದ ಕೂಡಲೇ ಇದು ಬಾಲ ಅಂತ ಗೊತ್ತಾಗುತ್ತೆ. ಇಂಥದ್ದನ್ನೆಲ್ಲ ಮಷೀನು ತಾನಾಗಿ ಕಂಡುಹಿಡಿಯಬೇಕು ಅಂದರೆ ಪದದ ಒಳರಚನೆ ತಿಳಿದಿರಬೇಕು. ಅಷ್ಟು ನಾನು ಕೇಳ್ತಾ ಇಲ್ಲ. ಅಕ್ಷರದ ಗಡಿಯಲ್ಲಿ ಮುರಿ, ಎರಡಕ್ಕಿಂತ ಕಮ್ಮಿ ಅಕ್ಷರ ಯಾವ ಕಡೆಯೂ ಬಿಡಬೇಡ, ಇಷ್ಟು ಮಾಡಿದರೂ ಮುಕ್ಕಾಲು ಪಾಲು ಕೆಲಸ ಆಯ್ತು.

ಆದರೆ ಅಕ್ಷರ ಅಂದರೆ ಏನು ಅಂತ ಮಷೀನಿಗೆ ಗೊತ್ತಾ? ಇಲ್ಲಿದೆ ನನಗೆ ಸಿಟ್ಟು ಬರಿಸಿದ ಎರಡನೇ ಸಂಗತಿ. ಬ್ರೌಸರಿನಲ್ಲೇ ಓಡುವ ಒಂದು ಸ್ಲೈಡ್ ತಂತ್ರಾಂಶದಲ್ಲಿ (ಹೆಸರು ಬೇಡ) ನಾಲ್ಕು ಇಕ್ಕಟ್ಟಾದ ಅಂಕಣ ಮಾಡಿ, ‘ವಸ್ತುಪ್ರದರ್ಶನ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. ಡಬ್ಬಕ್ಕಿಂತ ಪದವೇ ಉದ್ದ ಆಯ್ತು. ಖಾಲಿ ಜಾಗ ಎಲ್ಲೂ ಇಲ್ಲ, ಆದ್ದರಿಂದ ಬೇರೆ ದಾರಿಯಿಲ್ಲದೆ ನಡುವೆಯೇ ಕಡಿಯಿತು. ಮೇಲೆ ‘ವಸ್ತುಪ್’, ಕೆಳಗೆ ‘ರದರ್ಶನ’. ‘ಪ್ರ’ದ ಹೊಟ್ಟೆ ಸೀಳಿ, ಮೇಲೆ ಹಲಂತ ಬಿಟ್ಟು, ಒತ್ತಾಗಿದ್ದ ರಕಾರವನ್ನ ಕೆಳಗೆ ಪೂರ್ತಿ ಅಕ್ಷರವಾಗಿ ನಿಲ್ಲಿಸಿತ್ತು. ಡಬ್ಬವನ್ನ ಇನ್ನೊಂಚೂರು ಎಳೆದು ಅಗಲ ಮಾಡಿದೆ. ಈಗ ‘ವಸ್ತುಪ್ರದರ್’ ಮೇಲೆ, ‘ಶನ’ ಕೆಳಗೆ, ಅರ್ಕಾವೊತ್ತು ಮಾಯ! ಶನಿ ಕಾಟ ಅಂದರೆ ಇದೇ ಇರಬೇಕು.

ನಿಮ್ಮ ತಂತ್ರಾಂಶವೂ ಹೀಗೆ ಮಾಡುತ್ತಾ ಅಂತ ತಿಳಿಯೋದು ಸುಲಭ. ಒತ್ತಕ್ಷರ ತುಂಬಿರುವ ಒಂದು ಉದ್ದದ ಪದವನ್ನ ಡಬ್ಬದಲ್ಲಿ ಹಾಕಿ, ಡಬ್ಬದ ಅಂಚನ್ನ ನಿಧಾನಕ್ಕೆ ಒಳಗೆ ಎಳೆಯುತ್ತಾ ಹೋಗಿ. ಯಾವ ಸಾಲಿನ ಕೊನೆಯಲ್ಲಾದರೂ ಮೊದಲು ಇಲ್ಲದ ಹಲಂತ ಕಾಣಿಸಿಕೊಂಡರೆ ಅದು ಅಕ್ಷರ ಸೀಳುತ್ತಿದೆ ಅಂತ ಅರ್ಥ.

ಕಾರಣ ಹೀಗೆ. ಕಂಪ್ಯೂಟರಿನೊಳಗೆ ‘ಪ್ರ’ ಅನ್ನೋದು ಪ, ಹಲಂತ, ರ ಅನ್ನುವ ಮೂರು ಸಂಕೇತ. ಇವುಗಳಲ್ಲಿ ಯಾವುದನ್ನ ಬಿಡಿಸಬಾರದು ಅಂತ ಹೇಳೋಕೆ ಯೂನಿಕೋಡಿನಲ್ಲಿ ಒಂದು ನಿಯಮ ಇದೆ. ಅದರ ಹಳೆಯ ರೂಪದಲ್ಲಿ ಹಲಂತ ತನ್ನ ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತೆ, ಮುಂದಿನದಕ್ಕಲ್ಲ. ಅಂದರೆ ‘ಪ್’ ಒಂದು ಘಟಕ, ‘ರ’ ಇನ್ನೊಂದು. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಇದನ್ನ ತಿದ್ದಿ, ಸಂಯುಕ್ತಾಕ್ಷರ ಇಡಿಯಾಗಿ ಒಂದೇ ಘಟಕ ಅಂತ ಮಾಡಿದರು. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ! ತೆಲುಗಿನ ಒತ್ತಿಗೂ ನಮ್ಮ ಒತ್ತಿಗೂ ಅಕ್ಕತಂಗಿಯರ ಹೋಲಿಕೆ. ತೆಲುಗು ಒಳಗೆ, ನಾವು ಬಾಗಿಲಾಚೆ. ಹಾಗಾಗಿ ಬರೀ ಆ ನಿಯಮವನ್ನೇ ನಂಬಿ ಡಬ್ಬ ಬರೆಯುವ ಪ್ರೋಗ್ರಾಮರ್ ಕನ್ನಡದ ಒತ್ತು ಕತ್ತರಿಸಿದರೆ ಪಾಪ ಅವನನ್ನ ಪೂರ್ತಿ ಬೈಯೋ ಹಾಗೂ ಇಲ್ಲ. ಕೆಲವು ತಂತ್ರಾಂಶಗಳು ತಾವೇ ಮುತುವರ್ಜಿ ವಹಿಸಿ ಅಕ್ಷರ ಕಾಪಾಡುತ್ತವೆ, ಕೆಲವು ಇಲ್ಲ. ಅಂಚು ಎಳೆದು ನೋಡಿಯೇ ತಿಳಿಯಬೇಕು.

ಸರಿ, ಅಲ್ಲಿಯವರೆಗೆ ನಾವೇನು ಮಾಡೋದು? ಯೂನಿಕೋಡಿನಲ್ಲಿ U+200B ಅಂತ ಒಂದು ಅಗಲವೇ ಇಲ್ಲದ ಖಾಲಿ ಜಾಗ ಇದೆ. ಕಣ್ಣಿಗೆ ಕಾಣಲ್ಲ, ಆದರೆ ‘ಬೇಕಾದರೆ ಇಲ್ಲಿ ಸಾಲು ಮುರಿ’ ಅಂತ ತಂತ್ರಾಂಶಕ್ಕೆ ಹೇಳುತ್ತೆ. ಮುರಿಯುವ ಅಗತ್ಯ ಬೀಳದಿದ್ದರೆ ಅದು ಇದ್ದದ್ದೇ ಗೊತ್ತಾಗಲ್ಲ. ಎಂಟರ್ ಹೊಡೆಯೋದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಫಾಂಟು ಬದಲಾದರೂ ಕೆಡೋದಿಲ್ಲ. ಪ್ರತಿ ಪದಕ್ಕೂ ಕೈಯಲ್ಲಿ ಹಾಕ್ತಾ ಕೂರೋದು ಯಾರು ಅಂತ ಪೈಥಾನಿನಲ್ಲಿ ನಾಲ್ಕು ಸಾಲು ಗೀಚಿದೆ:

```python
import re
GAP = re.compile(r'(?<=[\u0C82-\u0CCC\u200C])(?=[\u0C85-\u0CB9])'
                 r'(?!(?:.\u0CCD)+(?:\W|$))')

def muri(word, sep='\u200B'):
    a = GAP.split(word)
    if len(a) < 7:
        return word
    return ''.join(a[:2]) + sep + sep.join(a[2:-2]) + sep + ''.join(a[-2:])
```

ಪ್ರೋಗ್ರಾಮಿಂಗ್ ಬರದವರಿಗೆ ಅದು ಮಾಡೋದನ್ನ ಹೇಳ್ತೀನಿ. ಹಲಂತದ ನಂತರ ಎಂದೂ ಮುರಿಯಬೇಡ, ಉಳಿದ ಕಡೆ ಹೊಸ ವ್ಯಂಜನವೋ ಸ್ವರವೋ ಶುರುವಾಗುವಲ್ಲಿ ಅಕ್ಷರದ ಗಡಿ ಅಂತ ತಿಳಿ. ಪದದ ಕೊನೆಯ ‘ರ್’ ಥರದ ಅರ್ಧ ವ್ಯಂಜನವನ್ನ ಒಂಟಿಯಾಗಿ ಕೆಳಗೆ ತಳ್ಳಬೇಡ. ಏಳಕ್ಕಿಂತ ಕಮ್ಮಿ ಅಕ್ಷರದ ಪದವನ್ನ ಮುಟ್ಟಲೇಬೇಡ. ಎರಡೂ ತುದಿಯಲ್ಲಿ ಎರಡೆರಡು ಅಕ್ಷರ ಒಟ್ಟಿಗಿರಲಿ. ‘ಮಾಡಲಾಗುವುದಿಲ್ಲ’ವನ್ನ ಇದಕ್ಕೆ ಕೊಟ್ಟರೆ ಮಾಡ, ಲಾ, ಗು, ವು, ದಿಲ್ಲ ಇವುಗಳ ನಡುವೆ ಗುಟ್ಟಾಗಿ ಜಾಗ ಇಟ್ಟು ಕೊಡುತ್ತೆ. (ಪೈಥಾನ್ 3.7 ಅಥವಾ ಅದಕ್ಕಿಂತ ಹೊಸದು ಬೇಕು, ಹಳೆಯದರಲ್ಲಿ ಆ `split` ಕೆಲಸ ಮಾಡಲ್ಲ.)

ನಮ್ಮಲ್ಲಿ ಬಹಳ ಜನ ‘ಸಾಫ್ಟ್‌ವೇರ್’ ಅಂತ ಬರೆಯೋಕೆ ನಡುವೆ U+200C ಹಾಕುತ್ತೇವೆ, ‘ವ’ ಒತ್ತಾಗಿ ಇಳಿಯದಿರಲಿ ಅಂತ. ಅದೂ ಅಗಲವಿಲ್ಲದ್ದೇ, ನಂಬರೂ ಪಕ್ಕದ್ದೇ. ಆದರೆ ಅದು ಸಾಲು ಮುರಿಯಲು ಅನುಮತಿ ಕೊಡೋದಿಲ್ಲ. ಇವೆರಡನ್ನ ಅದಲುಬದಲು ಮಾಡಿಕೊಂಡರೆ, ಮುರಿಯಬೇಕಾದಲ್ಲಿ ಮುರಿಯಲ್ಲ, ಮುರಿಯಬಾರದ ಕಡೆ ಮುರಿಯುತ್ತೆ. ನಾನೇ ಒಂದು ಸಂಜೆ ಪೂರ್ತಿ ಇದರಲ್ಲಿ ಕಳೆದಿದ್ದೇನೆ.

ಇದರ ಬೆಲೆಯನ್ನೂ ಹೇಳಿಬಿಡಬೇಕು. ಗುಟ್ಟಿನ ಜಾಗ ಇಟ್ಟ ಪದ ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಬೇರೆ ಪದ. ಹುಡುಕಿದರೆ ಸಿಗದೇ ಹೋಗಬಹುದು, ಕಾಪಿ ಮಾಡಿದರೆ ಗುಟ್ಟೂ ಜೊತೆಗೇ ಹೋಗುತ್ತೆ. ಅದಕ್ಕೇ ಮೂಲ ಬರಹಕ್ಕೆ ಇದನ್ನ ಹಾಕಲೇಬೇಡಿ. ಬರೆದು ಮುಗಿಸಿ, ತಿದ್ದಿ ಮುಗಿಸಿ, ಸ್ಲೈಡಿಗೆ ಅಂಟಿಸುವ ಪ್ರತಿಗೆ ಮಾತ್ರ ಕೊನೆಯಲ್ಲಿ ಹಾಕಿ. ಬ್ಲಾಗಿನ ಪುಟಕ್ಕಂತೂ ಇದು ಬೇಕಿಲ್ಲ. ಪುಟಕ್ಕೆ `lang="kn"` ಅಂತ ಹೇಳಿ, ಸ್ಟೈಲಿನಲ್ಲಿ `hyphens: auto` ಅಂದರೆ, ಕನ್ನಡದ ಪದ ಮುರಿಯುವ ಮಾದರಿಗಳು ಇರುವ ಬ್ರೌಸರ್ ತಾನೇ ನೋಡಿಕೊಳ್ಳುತ್ತೆ. ಆ ಮಾದರಿಗಳನ್ನ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ ಮಾಡಿಕೊಟ್ಟವರು ಸಂತೋಷ್ ತೊಟ್ಟಿಂಗಲ್. ಮಲಯಾಳಂನವರು ನಮ್ಮ ಮನೆ ಕೆಲಸವನ್ನೂ ಮಾಡಿಕೊಟ್ಟಿದ್ದಾರೆ, ನಾಚಿಕೆಯೂ ಆಗುತ್ತೆ, ಖುಷಿಯೂ ಆಗುತ್ತೆ.

ಇನ್ನು ಮುರಿದ ಕಡೆ ಹೈಫನ್ ಬೇಕೋ ಬೇಡವೋ? ಇಲ್ಲಿ ತಾತನಿಗೂ ನನಗೂ ಜಗಳ. ‘ಹೈಫನ್ ಇಲ್ದೆ ಸಾಲು ಮುರಿದ್ರೆ ಓದೋನಿಗೆ ಪದ ಮುಗೀತು ಅನ್ಸಲ್ವೇನೋ?’ ಅನ್ನೋದು ಅವರ ವಾದ. ಪುಸ್ತಕಕ್ಕೆ ಅದು ಸರಿ ಇರಬಹುದು. ಸ್ಲೈಡಿಗೆ ಬೇಡ ಅನ್ನೋದು ನನ್ನ ಹಟ. ಕನ್ನಡದಲ್ಲಿ ಹೈಫನ್‌ಗೆ ಬೇರೆ ಕೆಲಸ ಇದೆ, ‘ತಂದೆ-ತಾಯಿ’, ‘ಹಿಂದೆ-ಮುಂದೆ’. ಇಕ್ಕಟ್ಟಿನ ಅಂಕಣದಲ್ಲಿ ನಾಲ್ಕು ಸಾಲಿಗೆ ಮೂರು ಹೈಫನ್ ಬಂದರೆ ಬಲಗಡೆ ಏಣಿ ನಿಲ್ಲಿಸಿದ ಹಾಗೆ ಕಾಣುತ್ತೆ, ಹನ್ನೆರಡು ಅಕ್ಷರದಲ್ಲಿ ಅರ್ಧ ಅಕ್ಷರದ ಜಾಗವನ್ನೂ ತಿನ್ನುತ್ತೆ. ಆಂಡ್ರಾಯ್ಡ್ ಮಾಡಿದವರೂ ನನ್ನ ಪಕ್ಷ: ಅದರ ಪಠ್ಯ ಜೋಡಿಸುವ ಕೋಡಿನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ನಾಲ್ಕಕ್ಕೂ ಪದ ಮುರಿ, ಹೈಫನ್ ಹಾಕಬೇಡ ಅಂತಲೇ ಬರೆದಿದೆ. ವೆಬ್ ಪುಟದಲ್ಲೂ `hyphenate-character: ""` ಅಂತ ಒಂದು ಸಾಲು ಸೇರಿಸಿದರೆ ಸಾಕು.

ತಾತ ಆಂಡ್ರಾಯ್ಡಿಗೆಲ್ಲ ಬಗ್ಗುವವರಲ್ಲ. ಅದಕ್ಕೆ ಹಳೆಯ ಸಾಕ್ಷಿಯನ್ನೇ ಹುಡುಕಿದೆ. ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು. ಸುಮಾರು ಕ್ರಿ.ಶ. 450ರದ್ದು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ್ದು, ಮೂಲ ಕಲ್ಲು ಬಂದದ್ದು ನಮ್ಮ ಮೈಸೂರಿನ ಪುರಾತತ್ವ ಇಲಾಖೆಗೇ. ಅದರ ಅಳತೆ ನೋಡಿದ್ದೀರಾ? ಎತ್ತರ ಸುಮಾರು ಎರಡೂವರೆ ಅಡಿ, ಅಗಲ ಬರೀ ಒಂದಡಿ, ಅದರಲ್ಲಿ ಹದಿನಾರು ಸಾಲು. ನನ್ನ ಅಂಕಣದಂಥದ್ದೇ ಕಿರಿದಾದ ಡಬ್ಬ! ಅಲ್ಲಿ ಎರಡನೇ ಸಾಲಿನ ಕೊನೆಗೆ ‘ಕ’, ಮೂರನೇ ಸಾಲಿನ ಮೊದಲಿಗೆ ‘ಕುಸ್ಥ’. ‘ಕಕುಸ್ಥ’ ಅನ್ನೋ ಅರಸನ ಹೆಸರನ್ನೇ ಎರಡು ಸಾಲಿಗೆ ಹಂಚಿದ್ದಾನೆ ಕಲ್ಲು ಕಡೆದವನು. ಹೈಫನ್ ಗಿಯ್ಫನ್ ಇಲ್ಲ. ಆದರೆ ‘ಸ್ಥ’ವನ್ನ ಸೀಳಿಲ್ಲ. ತಾಳೆಗರಿ ಬರೆದವರೂ ಅಷ್ಟೇ, ದಾರ ಪೋಣಿಸುವ ತೂತು ಬಂದರೆ ಪದದ ನಡುವೆಯೇ ಜಾಗ ಬಿಟ್ಟು ಆಚೆ ಬದಿಗೆ ಹಾರುತ್ತಿದ್ದರು.

‘ಅಲ್ಲಿ ಪದಗಳ ಮಧ್ಯೆನೂ ಜಾಗ ಇರಲ್ವಲ್ಲೋ, ಅದು ಬೇರೆ ಲೆಕ್ಕ’ ಅಂದರು ತಾತ. ಅದೂ ನಿಜವೇ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದಕ್ಷರಾನ ಒಂಟಿ ಬಿಟ್ಟಿದಾನೆ ನೋಡು, ನಮ್ ಫೋರ್‌ಮನ್ ಕೈಗೆ ಸಿಕ್ಕಿದ್ರೆ ಇತ್ತು ಅವನಿಗೆ’ ಅಂದರು.

ಕಳೆದ ವಾರ ಮತ್ತೆ ನೀರಿನ ಸ್ಲೈಡು ಮಾಡಿದೆ. ಈ ಸಲ ಫಾಂಟನ್ನ ಫೈಲಿನೊಳಗೇ ಸೇರಿಸಿದೆ, ಗುಟ್ಟಿನ ಜಾಗ ಹಾಕಿದೆ, ಎಡಕ್ಕೆ ಮಾತ್ರ ಸಮ ಮಾಡಿದೆ, ನಕ್ಷೆಯನ್ನ ಅಕ್ಷರಕ್ಕಿಂತ ಎರಡು ಸಾಲು ದೂರ ಇಟ್ಟೆ. ಮನೆಯಲ್ಲಿ ತೋರಿಸಿದಾಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನೋಡಿ, ‘ಇಷ್ಟೆಲ್ಲಾ ಯಾಕೋ? ಮೊದಲನೇ ಸಾಲಲ್ಲೇ ನೀರು ಬರಲ್ಲ ಅಂತ ದಪ್ಪಗೆ ಬರೆದು, ಆಮೇಲೆ ವಾರ ಹಾಕಬಾರ್ದಾ?’ ಅಂದರು.

ಹಾಗೇ ಬದಲಿಸಿದೆ. ಆದರೆ ಪ್ರೋಗ್ರಾಮ್ ಬರೆದಾಗಿದೆಯಲ್ಲ, ಅದನ್ನ ವಾರಗಳಿಗೆ ಓಡಿಸಿದೆ. ನಿಮ್ಮ ಹತ್ತಿರ ಏಳಕ್ಕಿಂತ ಹೆಚ್ಚು ಅಕ್ಷರದ, ಒತ್ತು ತುಂಬಿದ, ಮುರಿಯೋಕೆ ಕಷ್ಟವಾದ ಪದಗಳಿದ್ದರೆ ಕೆಳಗೆ ಬರೆದು ಕಳಿಸಿ. `muri` ಎಲ್ಲಿ ಎಡವುತ್ತೆ ಅಂತ ನೋಡಬೇಕು.